ಕಾಲಂ ಕಾರ್ಬೆಲ್: ಶಿಯರ್ ಫ್ರಿಕ್ಷನ್‌ನಿಂದ ಬಂದ ಸ್ಟೀಲ್ ಎಷ್ಟು, ಮೇಲಿನ ಮುಖ್ಯ ಕಂಬಿ ಎಷ್ಟು?

ಹೊಸೂರು ಸೈಟ್
ಎಲ್ಲರಿಗೂ ನಮಸ್ಕಾರ. ಹೊಸೂರು ಹತ್ತಿರ ಒಂದು ಫ್ಯಾಕ್ಟರಿ ಶೆಡ್, ಒಳಗೆ ಕ್ರೇನ್ ಬರುತ್ತೆ. ಗರ್ಡರ್ ಕೂರೋದಕ್ಕೆ 400 x 400 ಆರ್‌ಸಿಸಿ ಕಾಲಂನಿಂದ ಕಾರ್ಬೆಲ್ ಹೊರಗೆ ತೆಗೀಬೇಕು. ಇಂಪ್ಯಾಕ್ಟ್ ಸೇರಿಸಿ 1.5ರಿಂದ ಗುಣಿಸಿದ ಮೇಲೆ ಲೋಡ್ 350 kN. ಕಾರ್ಬೆಲ್ ಅಗಲ 400, ಕಾಲಂ ಮುಖದಲ್ಲಿ ಆಳ 500, ಮುಂದಕ್ಕೆ 400 ಚಾಚಿದೆ. ಪ್ಲೇಟ್ 150 ಅಗಲದ್ದು, ಅದರ ಮಧ್ಯ ಕಾಲಂ ಮುಖದಿಂದ 200 ದೂರ. ಎಂ30, ಎಫ್‌ಇ 500.

ಎಸಿಐ 318 ಪ್ರಕಾರ ಲೆಕ್ಕ ಹಾಕಿದೆ. ಫ್ರಿಕ್ಷನ್‌ಗೆ ಒಂದು ಸ್ಟೀಲ್ ಬರುತ್ತೆ, ಮೊಮೆಂಟ್‌ಗೆ ಒಂದು, ಅಡ್ಡ ಎಳೆತಕ್ಕೆ ಇನ್ನೊಂದು. ಮೂರನ್ನೂ ಮೇಲೇ ಇಡಬೇಕಾ? ಕೂಡಿಸಿದರೆ ಕಂಬಿ ಹಿಡಿಸೋದೇ ಇಲ್ಲ.

ಮಡಕಶಿರಾ ಬಿಇ
ಮೂರೂ ಬೇರೆ ಬೇರೆ ಬಲಗಳಿಗೆ ಬಂದ ಸ್ಟೀಲ್ ಅಲ್ವಾ ಸರ್, ಕೂಡಿಸಲೇಬೇಕು. 794 + 576 + 222 = 1592 ಚದರ ಮಿಮೀ. 20ರ ಕಂಬಿ ಆರು ಹಾಕಿದರೆ 1885, ಕೆಲಸ ಮುಗೀತು. ಸ್ಟೀಲ್ ಜಾಸ್ತಿ ಆದರೆ ನಷ್ಟ ಏನೂ ಇಲ್ಲ.

ಕುಂಬಳೆ ಸ್ಟ್ರಕ್ಚರಲ್
ಬಿಡಿ ಸಂಖ್ಯೆಗಳು ಸರಿ ಉಂಟು, ಕೂಡಿಸಿದ್ದು ಸರಿಯಲ್ಲ. ಮೊದಲು ಲೆಕ್ಕವನ್ನು ಒಂದೇ ಕಡೆ ಇಡ್ತೇನೆ, ಎಲ್ಲರೂ ಅದನ್ನೇ ನೋಡಿಕೊಂಡು ಮಾತಾಡಬಹುದು. ಕವರ್ 40, ಕಂಬಿಯ ಅರ್ಧ 10 ಕಳೆದರೆ d = 450. ಅಡ್ಡ ಎಳೆತ ಬೇರೆ ಲೆಕ್ಕದಿಂದ ಬರದಿದ್ದರೆ ಲೋಡಿನ 0.2 ಪಾಲು, ಅಂದರೆ 70 kN.

```
Avf = 350000/(0.75 x 1.4 x 420)      = 794
Mu  = 350 x 0.20 + 70 x 0.05         = 73.5 kN-m
Af  = 73.5e6/(0.75 x 420 x 0.9 x 450) = 576
An  = 70000/(0.75 x 420)             = 222

Af + An        = 798
(2/3)Avf + An  = 751
```

ಮೇಲಿನ ಮುಖ್ಯ ಕಂಬಿಗೆ ಕೊನೆಯ ಎರಡು ಸಾಲಿನಲ್ಲಿ ಯಾವುದು ದೊಡ್ಡದೋ ಅದು. ಇಲ್ಲಿ 798. ಕನಿಷ್ಠ ಸ್ಟೀಲ್ 0.04(fc'/fy)bd ಲೆಕ್ಕದಲ್ಲಿ 411 ಮಾತ್ರ ಬರ್ತದೆ, ಅದರ ಚಿಂತೆ ಇಲ್ಲ. ಕಾಂಕ್ರೀಟಿನ ಮೇಲ್ಮಿತಿಯೂ ದೂರ ಉಂಟು: 0.2fc'bd = 864 kN, 0.75 ಗುಣಿಸಿದರೆ 648, ನಮ್ಮದು 350. ಇಲ್ಲಿ fc' ಅಂದರೆ ಸಿಲಿಂಡರ್ ಬಲ. ಎಂ30ಕ್ಕೆ 24 ಹಿಡಿದಿದ್ದೇನೆ, 30 ಅಲ್ಲ.

ಈಗ ಕೂಡಿಸುವ ಪ್ರಶ್ನೆ. ಕಾರ್ಬೆಲ್ ಕಾಲಂ ಮುಖದಲ್ಲಿ ಬಿರುಕು ಬಿಟ್ಟು ಕೆಳಗೆ ಜಾರಲು ಹೊರಟಿದೆ ಅಂತಿಟ್ಟುಕೊಳ್ಳಿ. ಎರಡು ಮುಖವೂ ಒರಟು. ಜಾರಬೇಕಾದರೆ ಉಬ್ಬುಗಳು ಒಂದರ ಮೇಲೊಂದು ಹತ್ತಬೇಕು, ಹತ್ತಿದರೆ ಬಿರುಕು ಅಗಲ ಆಗ್ತದೆ, ಅಗಲ ಆದಾಗ ದಾಟಿಹೋದ ಕಂಬಿ ಹಿಗ್ಗಿ ಎರಡನ್ನೂ ಒತ್ತಿ ಹಿಡಿಯುತ್ತದೆ. ಆ ಒತ್ತಡವನ್ನು μಯಿಂದ ಗುಣಿಸಿದ್ದೇ ಜಾರದಂತೆ ತಡೆಯುವ ಬಲ. ಮೊಮೆಂಟ್ ಬಂದಾಗ ಮೇಲೆ ಕಂಬಿ ಎಳೆಯುತ್ತದೆ, ಅಷ್ಟೇ ಬಲದಲ್ಲಿ ಕೆಳಗೆ ಕಾಂಕ್ರೀಟ್ ಒತ್ತಿಕೊಳ್ಳುತ್ತದೆ. ಒತ್ತಡ ಕೆಳಗೆ ಸರಿಯಿತು, ಆದರೆ ಮೊತ್ತ ಕಡಿಮೆ ಆಗಲಿಲ್ಲ. ಆ ಒತ್ತಿದ ಜಾಗದಲ್ಲೇ ಘರ್ಷಣೆ ಸಿಗ್ತದೆ. ಹಾಗಾಗಿ ಮೊಮೆಂಟಿಗೆ ಇಟ್ಟ ಕಂಬಿಯನ್ನೇ ಫ್ರಿಕ್ಷನ್ ಕಂಬಿ ಅಂತಲೂ ಎಣಿಸಬಹುದು.

ಅಡ್ಡ ಎಳೆತದ ಕತೆ ಬೇರೆ. ಅದು ಕಾರ್ಬೆಲನ್ನು ಕಾಲಂನಿಂದ ನೇರವಾಗಿ ಆಚೆ ಎಳೆಯುತ್ತದೆ, ಕೆಳಗೆ ಎಲ್ಲಿಯೂ ವಾಪಸ್ ಒತ್ತುವುದಿಲ್ಲ. ಅಷ್ಟು ಒತ್ತಡ ಕಳೆದುಹೋದ ಹಾಗೆಯೇ. ಅದಕ್ಕೇ An ಎರಡೂ ಸಾಲಿನಲ್ಲಿ ಕೂಡ್ತದೆ, Avf ಮತ್ತು Af ಒಂದಕ್ಕೊಂದು ಕೂಡುವುದಿಲ್ಲ.

ಮಡಕಶಿರಾ ಬಿಇ
ಅರ್ಥ ಆಯ್ತು ಸರ್. ಆದರೆ 2/3 ಯಾಕೆ? ಉಳಿದ 1/3 ಫ್ರಿಕ್ಷನ್ ಸ್ಟೀಲ್ ಎಲ್ಲಿ ಹೋಯ್ತು?

ಕುಂಬಳೆ ಸ್ಟ್ರಕ್ಚರಲ್
ಅದು ಅಡ್ಡ ರಿಂಗುಗಳಲ್ಲಿ ಉಂಟು. ಮುಖ್ಯ ಕಂಬಿಯ ಕೆಳಗೆ ಮುಚ್ಚಿದ ರಿಂಗುಗಳನ್ನು ಮಲಗಿಸಿ ಇಡಬೇಕು, ಅವೂ ಅದೇ ಬಿರುಕನ್ನು ದಾಟಿ ಕಾಲಂ ಒಳಗೆ ಹೋಗಬೇಕು. ಅವುಗಳ ಮೊತ್ತ Ah = 0.5(Asc − An), Asc ಅಂದರೆ ಮೇಲಿನ ಮುಖ್ಯ ಕಂಬಿ. ಫ್ರಿಕ್ಷನ್ ಸಾಲು ದೊಡ್ಡದಾದರೆ Asc − An ಅಂದರೆ Avfನ 2/3, ಅದರ ಅರ್ಧ 1/3. ಮೇಲೆ 2/3, ರಿಂಗಿನಲ್ಲಿ 1/3, ಲೆಕ್ಕ ಪೂರ್ತಿ ಆಯಿತು. ರಿಂಗುಗಳು ಮುಖ್ಯ ಕಂಬಿಯಿಂದ ಕೆಳಕ್ಕೆ d ಯ 2/3 ಒಳಗೇ ಇರಬೇಕು, ನಮ್ಮಲ್ಲಿ 300. ಅದರ ಕೆಳಗೆ ಹಾಕಿದ್ದು ಒತ್ತಿದ ಕಾಂಕ್ರೀಟಿನಲ್ಲಿ ಸುಮ್ಮನೆ ಕೂರ್ತದೆ.

"ಸ್ಟೀಲ್ ಜಾಸ್ತಿ ಆದರೆ ನಷ್ಟ ಇಲ್ಲ" ಅನ್ನುವುದನ್ನು ಕಾರ್ಬೆಲ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಮೇಲೆ ಆರು ಕಂಬಿ ತುರುಕಿದರೆ ಕಾಲಂನ ನಿಂತ ಕಂಬಿಗಳ ನಡುವೆ ಕಾಂಕ್ರೀಟ್ ಇಳಿಯುವುದಿಲ್ಲ, ವೈಬ್ರೇಟರ್ ಸೂಜಿ ಹೋಗುವುದಿಲ್ಲ. ಕಾರ್ಬೆಲಿನ ಬುಡದಲ್ಲೇ ಟೊಳ್ಳು ಉಳಿಯುತ್ತದೆ, ಓರೆಯಾಗಿ ಇಳಿಯುವ ಒತ್ತಡ ಬಂದು ನಿಲ್ಲುವುದು ಅಲ್ಲಿಯೇ.

ಹೊಸೂರು ಸೈಟ್
ಹಾಗಾದ್ರೆ 16ರ ಕಂಬಿ ನಾಲ್ಕು, 804. 798ಕ್ಕೆ ಸಾಕು. 8ರ ರಿಂಗ್ ಮೂರು, 301. ಬೇಕಿದ್ದದ್ದು 288. ಸರಿ ಹೋಯ್ತಲ್ಲ?

ಇನ್ನೊಂದು, ಸ್ಟೀಲ್ 500 ಇದ್ದಾಗ 420 ಯಾಕೆ ಹಿಡಿದಿದ್ದೀರಿ? ನಮ್ಮ ಕನ್ಸಲ್ಟೆಂಟ್ ಆಫೀಸ್ ಹುಡುಗ 0.87 x 500 ಹಾಕಿ Avf 575 ಅಂತ ತೋರಿಸ್ತಿದ್ದಾನೆ.

ಕುಂಬಳೆ ಸ್ಟ್ರಕ್ಚರಲ್
ಶಿಯರ್ ಫ್ರಿಕ್ಷನ್‌ಗೆ ಎಸಿಐ 420ಕ್ಕೆ ಮಿತಿ ಹಾಕಿದೆ. ಕಂಬಿ ಎಷ್ಟೇ ಗಟ್ಟಿ ಇರಲಿ, ಅದರ ಪೂರ್ತಿ ಬಲ ಬರಬೇಕಾದರೆ ಅಷ್ಟು ಹಿಗ್ಗಬೇಕು, ಅಷ್ಟು ಹಿಗ್ಗಲು ಬಿರುಕು ಅಷ್ಟು ತೆರೆಯಬೇಕು, ತೆರೆದಷ್ಟೂ ಒರಟು ಮುಖಗಳ ಹಿಡಿತ ಬಿಡ್ತದೆ. ಮೊಮೆಂಟ್ ಭಾಗಕ್ಕೆ 500 ಹಿಡಿಯಬಹುದು ಅಂತ ವಾದ ಉಂಟು. ಒಂದೇ ಕಂಬಿ ಎರಡೂ ಕೆಲಸ ಮಾಡ್ತದಲ್ಲ, ನಾನು 420ನ್ನೇ ಇಡ್ತೇನೆ.

0.87 x 500 ಹಾಕಿದವರು 0.75ನ್ನು ಬಿಟ್ಟಿದ್ದಾರೆ. ಎಸಿಐ ಸೂತ್ರಕ್ಕೆ ಐಎಸ್ 456ರ ಗುಣಕ ಅಂಟಿಸಿದ ಹಾಗಾಯಿತು. 0.75 x 420 = 315, 0.87 x 500 = 435; ಈ ಬೆರಕೆಯಿಂದ ಸ್ಟೀಲ್ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ ಬರ್ತದೆ. ಸೂತ್ರ ಯಾವ ಕೋಡಿನದ್ದೋ ಕಡಿತವೂ ಅದರದ್ದೇ ಇರಬೇಕು.

ನಾಲ್ಕು 16ಕ್ಕೆ ಈಗಲೇ ಸಹಿ ಹಾಕಬೇಡಿ. ಎರಡು ವಿಷಯ ಕೇಳಬೇಕು. ಪ್ಲೇಟ್ 200ರಲ್ಲೇ ಕೂರುತ್ತದೆ ಅಂತ ಯಾರು ಹೇಳಿದ್ದು? ಕಾರ್ಬೆಲ್ ಕಾಂಕ್ರೀಟನ್ನು ಕಾಲಂ ಜೊತೆಗೇ ಹಾಕ್ತೀರೋ ಆಮೇಲೋ?

ಹೊಸೂರು ಸೈಟ್
ಪ್ಲೇಟ್ ಡ್ರಾಯಿಂಗಲ್ಲಿ 200. ಕಾಲಂ ಪ್ಲಂಬ್, ಗರ್ಡರ್ ಲೈನ್ ಎಲ್ಲ ಸೇರಿ 25 ಮಿಮೀ ಆಚೀಚೆ ಆಗೇ ಆಗುತ್ತೆ. ಕಾಂಕ್ರೀಟ್: ಕಂತ್ರಾಟುದಾರರು ಕಾಲಂ ಮೇಲಿನವರೆಗೂ ಹಾಕಿಬಿಟ್ಟು, ಕಂಬಿ ಹೊರಗೆ ಬಿಟ್ಟು, ಕಾರ್ಬೆಲ್ ಶಟರಿಂಗ್ ಆಮೇಲೆ ಕಟ್ತೀನಿ ಅಂತಿದ್ದಾರೆ.

ಅಕ್ಕಲಕೋಟೆ ಗೋಡೌನ್
ನಡುವ ಬಾಯಿ ಹಾಕ್ತೀನಿ, ಮಾಫ್ ಮಾಡ್ರಿ. ನಮ್ಮದೂ ಇಂಥಾದ್ದ ಅದ. ಗೋಡೌನ್ ಕಟ್ಟಿ ಮುಗದದ, ಕಾಲಂ ನಿಂತಾವ. ಈಗ ಒಳಗ ಅಟ್ಟ ಮಾಡಬೇಕಂತ ಮಾಲಕರು ಹೇಳ್ಯಾರ. ಕಾಲಂಗೆ ತೂತು ಹೊಡದು, ಕೆಮಿಕಲ್ ಹಾಕಿ ಕಂಬಿ ನಿಲ್ಲಿಸಿ, ಮ್ಯಾಲ ಕಾರ್ಬೆಲ್ ಹಾಕಿದ್ರ ಈ ಲೆಕ್ಕಾನ ನಡೀತದೇನ್ರಿ? ಹಂಗಾದ್ರ 794ರ ಸ್ಟೀಲ್ ನಮಗೂ ಸಾಕಾಗ್ತದ.

ಕುಂಬಳೆ ಸ್ಟ್ರಕ್ಚರಲ್
ಹೊಸೂರಿನವರಿಗೆ ಮೊದಲು. 794 ಬಂದದ್ದು μ = 1.4 ಹಿಡಿದಾಗ, ಅಂದರೆ ಕಾಲಂ ಮತ್ತು ಕಾರ್ಬೆಲ್ ಒಂದೇ ಎರಕ ಆದಾಗ ಮಾತ್ರ. ಗಟ್ಟಿಯಾದ ಕಾಲಂಗೆ ಆಮೇಲೆ ಕಾಂಕ್ರೀಟ್ ತಾಗಿಸಿದರೆ, ಮುಖವನ್ನು ಸುಮಾರು 6 ಮಿಮೀ ಏರುತಗ್ಗು ಬರುವ ಹಾಗೆ ಚಿಪ್ಪಿಂಗ್ ಮಾಡಿ ಸ್ವಚ್ಛಗೊಳಿಸಿದ್ದರೆ 1.0. ಶಟರಿಂಗ್ ಬಿಚ್ಚಿದ ನುಣುಪು ಮುಖಕ್ಕೇ ಹಾಕಿದರೆ 0.6. ಆಗ Avf 1852 ಆಗ್ತದೆ, ಆ ದಾರಿಯೇ ಬೇಡ. 25 ಮಿಮೀ ತಪ್ಪನ್ನೂ ಸೇರಿಸಿ, μ = 1.0ಕ್ಕೆ ಮತ್ತೆ ನೋಡಿ:

```
Avf = 350000/(0.75 x 1.0 x 420)  = 1111
Mu  = 350 x 0.225 + 70 x 0.05    = 82.25 kN-m
Af                               = 645
Af + An        = 867
(2/3)Avf + An  = 963
```

ಮೊದಲು ಮೊಮೆಂಟ್ ಸಾಲು ದೊಡ್ಡದಿತ್ತು, ಈಗ ಫ್ರಿಕ್ಷನ್ ಸಾಲು. 798 ಇದ್ದದ್ದು 963ಕ್ಕೆ ಹೋಯಿತು. ಎರಕದ ಕ್ರಮ ಗೊತ್ತಿಲ್ಲದೆ ಮುಖ್ಯ ಕಂಬಿ ನಿರ್ಧರಿಸಲು ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಡ್ರಾಯಿಂಗಿನಲ್ಲಿ ಕಂಬಿಯ ಪಕ್ಕದಲ್ಲೇ ಅದನ್ನೂ ಬರೆಯಬೇಕು.

ಅಕ್ಕಲಕೋಟೆಯವರೇ, ನಿಮ್ಮದು ಬೇರೆ ಸಮಸ್ಯೆ. μ 1.0 ಮೀರುವುದಿಲ್ಲ, ಹಾಗಾಗಿ 794 ನಿಮಗೆ ಅಲ್ಲ. ಅದಕ್ಕಿಂತ ದೊಡ್ಡದು ಹಿಡಿತ. ಮೇಲಿನ ಕಂಬಿ ಪೂರ್ತಿ ಎಳೆತ ತಾಳಬೇಕಾದರೆ ಕೆಮಿಕಲ್ ಎಷ್ಟು ಆಳ ಕೇಳ್ತದೋ ಅಷ್ಟು ಕಾಲಂ ದಪ್ಪ ಇರುವುದಿಲ್ಲ, ಹಿಂದೆ ಬಗ್ಗಿಸಲೂ ಆಗುವುದಿಲ್ಲ. ತೂತು ಹೊಡೆಯುವಾಗ ಕಾಲಂನ ನಿಂತ ಕಂಬಿಗೆ ಡ್ರಿಲ್ ತಾಗುವ ಅಪಾಯವೂ ಉಂಟು. ಕಾಲಂನ ಆರುಪಾರು ಬೋಲ್ಟ್ ಹಾಯಿಸಿ ಹಿಂದೆ ಪ್ಲೇಟ್ ಕೊಟ್ಟು, ಮುಂದೆ ಸ್ಟೀಲ್ ಬ್ರಾಕೆಟ್ ನಿಲ್ಲಿಸುವುದು ನಿಮಗೆ ಹೆಚ್ಚು ನಂಬಿಕೆಯ ದಾರಿ. ಬೋಲ್ಟ್ ಜಾಗವನ್ನು ಸ್ಕ್ಯಾನ್ ಮಾಡಿಸಿ ಗುರುತು ಹಾಕಿ.

ಅಕ್ಕಲಕೋಟೆ ಗೋಡೌನ್
ಹೌದ್ರಿ, ಕಾಲಂ ಬರೇ 300 ಅದಾವ. ಬ್ರಾಕೆಟ್ ಕಡೇನ ನೋಡ್ತೀನಿ. ಅಟ್ಟದ ಲೋಡ್ ಬ್ಯಾರೇ ಹಾಕ್ತೀನಿ, ಇಲ್ಲಿ ಗದ್ದಲ ಬ್ಯಾಡ.

ಮಡಕಶಿರಾ ಬಿಇ
ಸರ್, Af ಲೆಕ್ಕದಲ್ಲಿ 0.9d ಅಂದಾಜು. ನಿಜವಾದ ಲಿವರ್ ಆರ್ಮ್ ಹಾಕಿದೆ: ಒತ್ತಡದ ಪಟ್ಟಿ 31 ಮಿಮೀ, ಆರ್ಮ್ 435. 225 ದೂರಕ್ಕೆ Af 600 ಬರುತ್ತೆ, An ಸೇರಿ 822. ಒಂದೇ ಎರಕದಲ್ಲಿ ಹಾಕಿದರೂ ನಾಲ್ಕು 16 ಸಾಲದು ಅಂತ ಆಯ್ತು, 18 ಕಡಿಮೆ.

ಕುಂಬಳೆ ಸ್ಟ್ರಕ್ಚರಲ್
ಚೆನ್ನಾಗಿ ನೋಡಿದಿರಿ. 18 ತಾನೇ ಅಂತ ಬಿಡುವವರೂ ಇದ್ದಾರೆ. ಕ್ರೇನ್ ಲೋಡ್ ಲಕ್ಷಗಟ್ಟಲೆ ಸಲ ಬಂದು ಹೋಗ್ತದೆ, ನಾನು ಬಿಡುವುದಿಲ್ಲ.

ಉಪ್ಪಳ ಸೂಪರ್‌ವೈಸರ್
ಕಂಬಿ ಎಷ್ಟು ಅನ್ನುವುದು ಆಯ್ತು ಮಾರಾಯ್ರೆ, ಮೂತಿಯಲ್ಲಿ ಅದನ್ನು ಹೇಗೆ ಕಟ್ಟುವುದು? ಸೈಟಿನಲ್ಲಿ ಹೆಚ್ಚಿನವರು ಮೇಲಿನ ಕಂಬಿಯನ್ನು ಮುಂದೆ ತಂದು ಬೀಮಿನ ಹಾಗೆ ಕೆಳಗೆ ಬಗ್ಗಿಸ್ತಾರೆ. ಪ್ಲೇಟಿನ ಹೊರ ಅಂಚು ಆ ಬಗ್ಗಿದ ಜಾಗದ ಮೇಲೆ ಬಂದರೆ ಮೂತಿ ತುಂಡಾಗಿ ಬೀಳ್ತದೆ, ಬಿರುಕು ಕಂಬಿಯ ಆಚೆ ಬದಿಯಿಂದಲೇ ಇಳಿಯುವುದು. ಅಡ್ಡ ಕಂಬಿಯನ್ನು ವೆಲ್ಡ್ ಮಾಡಬೇಕು ಅಂತ ಕೇಳಿದ್ದೇನೆ.

ಕುಂಬಳೆ ಸ್ಟ್ರಕ್ಚರಲ್
ಸರಿಯಾದ ಜಾಗಕ್ಕೆ ಬಂದಿರಿ. ಕಾರ್ಬೆಲಿನಲ್ಲಿ ಮುಖ್ಯ ಕಂಬಿಯ ಎಳೆತ ಕಾಲಂ ಮುಖದಿಂದ ಪ್ಲೇಟಿನವರೆಗೆ ಹೆಚ್ಚುಕಡಿಮೆ ಒಂದೇ ಇರ್ತದೆ, ಬೀಮಿನ ಹಾಗೆ ತುದಿಗೆ ಸೊನ್ನೆ ಆಗುವುದಿಲ್ಲ. ಪ್ಲೇಟಿನ ಅಡಿಯಲ್ಲಿ ಓರೆ ಒತ್ತಡ ಶುರುವಾಗುವಲ್ಲೇ ಕಂಬಿಗೆ ಪೂರ್ತಿ ಹಿಡಿತ ಬೇಕು. ಕೆಳಗೆ ಬಗ್ಗಿಸಿದರೆ ಆ ಹಿಡಿತ ಸಿಗುವುದು ಪ್ಲೇಟ್ ದಾಟಿದ ಮೇಲೆ.

ಅಡ್ಡ ಕಂಬಿ ವೆಲ್ಡ್ ಮಾಡುವುದು ಕೋಡಿನಲ್ಲಿರುವ ಒಂದು ದಾರಿ, ಅಡ್ಡ ಕಂಬಿ ಮುಖ್ಯ ಕಂಬಿಯಷ್ಟೇ ದಪ್ಪ ಇರಬೇಕು. ಆದರೆ ಟಿಎಂಟಿ ಕಂಬಿಯ ಬಲ ಹೊರ ಪದರದಲ್ಲಿ ಉಂಟು, ವೆಲ್ಡಿನ ಬಿಸಿ ತಾಗುವುದೂ ಅಲ್ಲಿಗೇ. ಕಾರ್ಬನ್ ಈಕ್ವಿವಲೆಂಟ್ ನೋಡದೆ, ಮಾದರಿ ಎಳೆದು ಪರೀಕ್ಷೆ ಮಾಡದೆ ಸೈಟಿನ ವೆಲ್ಡ್ ನಂಬುವ ಹಾಗಿಲ್ಲ. ಕ್ರೇನ್ ಇದ್ದಲ್ಲಿ ವೆಲ್ಡ್ ಬಿಂದುವಿನಿಂದಲೇ ದಣಿವಿನ ಬಿರುಕು ಹುಟ್ಟುವ ಭಯವೂ ಉಂಟು. ಇಲ್ಲಿ ನನ್ನ ಆಯ್ಕೆ ಮಲಗಿದ ಯು ಆಕಾರದ ಲೂಪ್: ಕಂಬಿ ಕಾಲಂನಿಂದ ಬಂದು, ಮೂತಿಯಲ್ಲಿ ಅಡ್ಡ ತಿರುಗಿ, ಮತ್ತೆ ಕಾಲಂ ಒಳಗೆ ಹೋಗುವುದು.

ಲೂಪ್ ಅಂದರೆ ಕಂಬಿಗಳು ಜೋಡಿಯಾಗಿಯೇ ಬರ್ತವೆ. 963ಕ್ಕೆ 16ರ ಐದು ಕಂಬಿ ಕಾಗದದಲ್ಲಿ ಸಾಕು, ಲೂಪಿಗೆ ಆಗುವುದಿಲ್ಲ. 20ರ ಎರಡು ಲೂಪ್ ಇಡಿ, ಒಂದರೊಳಗೆ ಒಂದು. ನಾಲ್ಕು ಕಾಲು, 1257. ನಡುವೆ ಸೂಜಿ ಇಳಿಯಲು ಜಾಗವೂ ಸಿಗ್ತದೆ.

ಈಗ ಮೂತಿಯ ಅಳತೆ. ಪ್ಲೇಟಿನ ಹೊರ ಅಂಚು ಕಂಬಿಯ ನೇರ ಭಾಗವನ್ನು ದಾಟಬಾರದು. ಮೂಲೆಯ ಒಳ ತ್ರಿಜ್ಯ 60, ಕಂಬಿ 20, ಕವರ್ 40: ನೇರ ಭಾಗ ಮೂತಿಯಿಂದ 120 ಹಿಂದೆಯೇ ಮುಗೀತದೆ. ಚಾಚು 400 ಇದ್ದರೆ ಕಾಲಂ ಮುಖದಿಂದ 280ರವರೆಗೆ. ಪ್ಲೇಟಿನ ಹೊರ ಅಂಚು 275, 25 ಸರಿದರೆ 300. ದಾಟಿತು. ಚಾಚನ್ನು 450 ಮಾಡಿ, ನೇರ ಭಾಗ 330ರವರೆಗೆ ಬರ್ತದೆ. ಲೂಪನ್ನು ಅರ್ಧವೃತ್ತ ಮಾಡಿ ಬಗ್ಗಿಸಲು ಬಿಡಬೇಡಿ. ಹೊರ ಲೂಪಿಗೆ ಅದು ನೇರ ಭಾಗವನ್ನು ಇನ್ನೂ ತಿಂದುಬಿಡ್ತದೆ. ಎರಡು ಮೂಲೆ, ನಡುವೆ ನೇರ, ಹಾಗೆ ಇರಬೇಕು.

ಮೂತಿಯ ಆಳ 250 ಕೊಟ್ಟರೆ ಸಾಕು. ಪ್ಲೇಟಿನ ಹೊರ ಅಂಚಿನಲ್ಲಿ ಆಳ ಸುಮಾರು 330 ಸಿಗ್ತದೆ, ಬೇಕಾದದ್ದು d ಯ ಅರ್ಧ, 225.

ಉಪ್ಪಳ ಸೂಪರ್‌ವೈಸರ್
ಕಾಲಂ ಒಳಗೆ? 400 ಕಾಲಂನಲ್ಲಿ 20ರ ಕಂಬಿಗೆ ಉದ್ದ ಎಲ್ಲಿಂದ ತರುವುದು?

ಕುಂಬಳೆ ಸ್ಟ್ರಕ್ಚರಲ್
ಐಎಸ್ 456 ಲೆಕ್ಕದಲ್ಲಿ ಎಂ30ಕ್ಕೆ ಬಾಂಡ್ 1.5 x 1.6 = 2.4, ಉದ್ದ 906 ಬರ್ತದೆ. ಅಡ್ಡಕ್ಕೆ ಸಿಗುವುದು ಸುಮಾರು 340, ಬಗ್ಗಿಗೆ 8 ಪಟ್ಟು ವ್ಯಾಸ ಅಂದರೆ 160. ಉಳಿದ 406ಕ್ಕೆ ಆಚೆ ಮುಖದ ಕಾಲಂ ಕಂಬಿಯ ಒಳಗೆ ಕೆಳಮುಖವಾಗಿ 450 ಇಳಿಸಿ. ಮೇಲಕ್ಕೆ ತಿರುಗಿಸಬೇಡಿ, ಓರೆ ಒತ್ತಡ ಕೆಳಗೆ ಹೋಗುವುದರಿಂದ ಬಗ್ಗು ಅದರ ಕಡೆಗೇ ಇರಬೇಕು.

ಅಡ್ಡ ರಿಂಗ್: 10ರದ್ದು ನಾಲ್ಕು, 75ಕ್ಕೊಂದು. ಎರಡು ಕಾಲಿನಂತೆ 628. ಎಸಿಐಗೆ ಬೇಕಾದದ್ದು ಇದಕ್ಕಿಂತ ಕಡಿಮೆ. ಐಎಸ್ 456 ಮುಖ್ಯ ಕಂಬಿಯ ಅರ್ಧ ಕೇಳ್ತದೆ, 1257ರ ಅರ್ಧ 628. ಎರಡೂ ಕೋಡಿಗೆ ಸರಿ.

ಹೊಸೂರು ಸೈಟ್
ಇಷ್ಟೆಲ್ಲ ಲೂಪ್ ಕಾಲಂ ಶಟರಿಂಗಿಂದ ಹೊರಗೆ ಚಾಚಿಕೊಂಡಿದ್ರೆ ಪ್ಲೈವುಡ್ ಕತ್ತರಿಸಬೇಕು. ಕಂಬಿನ ಕಾಲಂ ಮುಖಕ್ಕೆ ಮಡಚಿಟ್ಟು ಆಮೇಲೆ ಬಿಡಿಸ್ತೀನಿ ಅಂತಾರೆ ಕಂತ್ರಾಟುದಾರರು.

ಕುಂಬಳೆ ಸ್ಟ್ರಕ್ಚರಲ್
20ರ ಕಂಬಿಯನ್ನು ಮಡಚಿ ಬಿಡಿಸುವುದನ್ನು ಖಂಡಿತ ಒಪ್ಪಬೇಡಿ. ಬಿಡಿಸಿದ ಜಾಗ ಸರಿಯಾಗಿ ಕಾಲಂ ಮುಖದ ಬಿರುಕಿನ ಮೇಲೆಯೇ ಬರ್ತದೆ, ಪೂರ್ತಿ ಎಳೆತ ಬರುವುದೂ ಅಲ್ಲಿಗೇ.

ಇದಕ್ಕಿಂತ ಸುಲಭ ಉಂಟು. ಕಾಲಂ ಎರಕವನ್ನು ಕಾರ್ಬೆಲಿನ ಅಡಿ ಮಟ್ಟಕ್ಕೆ ನಿಲ್ಲಿಸಿ. ಮುಂದಿನ ಸುತ್ತಿನಲ್ಲಿ ಕಾರ್ಬೆಲ್ ಮತ್ತು ಅದರ ಹಿಂದಿನ ಕಾಲಂ ಭಾಗ ಒಟ್ಟಿಗೆ ಹಾಕಿ. ಜಾಯಿಂಟ್ ಕಾಲಂನಲ್ಲಿ ಅಡ್ಡಕ್ಕೆ ಬರ್ತದೆ, ಕಾರ್ಬೆಲ್ ಮುಖ ಒಂದೇ ಎರಕ, μ 1.4. ಆಗ 867 ಸಾಕು. ಆದರೂ ಎರಡು 20ರ ಲೂಪನ್ನೇ ಇಡಿ. 16ರ ಎರಡು ಲೂಪ್ 804, ಅದಕ್ಕೂ ಸಾಲದು.

ಮಡಕಶಿರಾ ಬಿಇ
ಒಂದು ಸಂಶಯ ಉಳಿದಿದೆ. ಗರ್ಡರ್ ಮೇಲ್ಭಾಗವನ್ನು ಕಾಲಂಗೆ ಕಟ್ಟಿರ್ತಾರೆ, ಕ್ರೇನಿನ ಅಡ್ಡ ಎಳೆತ ಅಲ್ಲಿಂದಲೇ ಕಾಲಂಗೆ ಹೋಗುತ್ತೆ. ಹಾಗಿದ್ದಾಗ ಕಾರ್ಬೆಲಿಗೆ 70 kN ಯಾಕೆ? ಸೊನ್ನೆ ಹಾಕಿದರೆ 222 ಉಳಿಯುತ್ತೆ.

ಕುಂಬಳೆ ಸ್ಟ್ರಕ್ಚರಲ್
ಕ್ರೇನಿನ ಪಾಲು ಮೇಲೆ ಹೋಗ್ತದೆ ಅನ್ನುವುದು ಸರಿ. ಆದರೆ ಪ್ಲೇಟ್ ಮೇಲೆ 350 ಕೂತಿರುವಾಗ ಗರ್ಡರ್ ಸ್ವಲ್ಪ ತಿರುಗಿದರೂ, ಬಿಸಿಲಿಗೆ ಶೆಡ್ ಚೌಕಟ್ಟು ಹಿಗ್ಗಿದರೂ ಪ್ಲೇಟಿನ ಘರ್ಷಣೆ ಕಾರ್ಬೆಲನ್ನು ಎಳೆಯುತ್ತದೆ. ಜಾರುವ ಪಿಟಿಎಫ್‌ಇ ಬೇರಿಂಗ್ ಇದ್ದು, ಅದರ ಘರ್ಷಣೆ ಎಷ್ಟೆಂದು ಲೆಕ್ಕ ಕೊಟ್ಟರೆ ಇಳಿಸಬಹುದು. ಸ್ಟೀಲ್ ಪ್ಲೇಟಿಗೆ ನೇರ ಬೋಲ್ಟ್ ಇದ್ದರೆ 0.2 ಕೂಡ ಕಡಿಮೆಯೇ ಅಂತ ನನಗೆ ಅನಿಸ್ತದೆ.

ಮಡಕಶಿರಾ ಬಿಇ
ಬಿಸಿಲಿನ ಹಿಗ್ಗುವಿಕೆ ಅಷ್ಟು ಬರುತ್ತೆ ಅಂತ ನನಗೆ ಅನ್ನಿಸಲ್ಲ ಸರ್, ಕಾಲಂ ಸ್ವಲ್ಪ ಬಾಗಿ ಅದನ್ನು ತಗೊಂಡುಬಿಡುತ್ತೆ. ಈ ಶೆಡ್ಡಿನ ಚೌಕಟ್ಟು ಹಾಕಿ ನೋಡಿಯೇ ಹೇಳಬೇಕು.

ಉಪ್ಪಳ ಸೂಪರ್‌ವೈಸರ್
ಕಟ್ಟಿ ಆದ ಮೇಲೆ ಎಲ್ಲಿ ನೋಡುವುದು ಅದನ್ನೂ ಹೇಳಿ, ಚೆಕ್ಕಿಂಗಿಗೆ ಹೋಗುವವರಿಗೆ ಬೇಕಾಗ್ತದೆ.

ಕುಂಬಳೆ ಸ್ಟ್ರಕ್ಚರಲ್
ಕಾರ್ಬೆಲಿನ ಮೇಲ್ಭಾಗ ಕಾಲಂಗೆ ಸೇರುವ ಮೂಲೆಯಲ್ಲಿ ಕೂದಲೆಳೆ ಬಿರುಕು ಬರುವುದು ಸಹಜ. ಅದು ಅಗಲ ಆಗ್ತಾ ಹೋದರೆ ಮುಖ್ಯ ಕಂಬಿ ಸಾಲದು, ಇಲ್ಲವೇ ಕಾಲಂ ಒಳಗೆ ಹಿಡಿತ ಬಿಟ್ಟಿದೆ. ಕಾಲಂ ಮುಖದ ಉದ್ದಕ್ಕೂ ಮೇಲಿಂದ ಕೆಳಗೆ ನೇರ ಗೆರೆ ಕಂಡು, ಎರಡು ಬದಿಯೂ ಹೆಜ್ಜೆಯ ಹಾಗೆ ಸರಿದಿದ್ದರೆ ಅದು ಜಾರಿಕೆ. ಎರಕದ ಜಾಯಿಂಟನ್ನೇ ಮೊದಲು ಅನುಮಾನಿಸಿ. ಪ್ಲೇಟಿನ ಒಳ ಅಂಚಿನಿಂದ ಬುಡದ ಕಡೆಗೆ ಓರೆಯಾಗಿ ಇಳಿದರೆ ರಿಂಗ್ ಕಡಿಮೆ ಅಥವಾ ಕಾಂಕ್ರೀಟ್ ಟೊಳ್ಳು. ಪ್ಲೇಟಿನ ಹೊರ ಅಂಚಿನಿಂದ ಮೂತಿ ಬಿರುಕು ಬಿಟ್ಟರೆ ನೀವು ಹೇಳಿದ ಬಗ್ಗಿನ ಸಮಸ್ಯೆ. ಆ ಕೊನೆಯದನ್ನು ಕಂಡರೆ ಕ್ರೇನ್ ನಿಲ್ಲಿಸಿ ಗರ್ಡರಿಗೆ ಊರುಗೋಲು ಕೊಡಿಸಿ, ಎಚ್ಚರಿಕೆ ಕೊಡದೇ ಬೀಳುವುದು ಅದೇ.

ಹೊಸೂರು ಸೈಟ್
ಕಾರ್ಬೆಲ್ ಅಡಿ ಮಟ್ಟಕ್ಕೆ ಎರಕ ನಿಲ್ಲಿಸೋಕೆ ಕಂತ್ರಾಟುದಾರರು ಒಪ್ಪಿದ್ರು, ಇನ್ನೊಂದು ಸುತ್ತಿನ ಶಟರಿಂಗ್ ಖರ್ಚು ಬೇರೆ ಕೊಡಬೇಕಂತೆ. ಚಾಚು 450, 20ರ ಎರಡು ಲೂಪ್, 10ರ ನಾಲ್ಕು ರಿಂಗ್ ಅಂತ ಡ್ರಾಯಿಂಗ್ ತಿದ್ದಿಸ್ತಿದ್ದೀನಿ. ಪ್ಲೇಟ್ 150 x 250 ಇದೆ, ಬೇರಿಂಗಿಗೆ 26,400 ಚದರ ಮಿಮೀ ಬೇಕಾಗಿತ್ತು, 37,500 ಸಿಗುತ್ತೆ. ಗರ್ಡರ್ ಬೇರಿಂಗ್ ಯಾವುದು ಅಂತ ಕ್ರೇನಿನವರಿಂದ ಇನ್ನೂ ಉತ್ತರ ಬಂದಿಲ್ಲ, ಅಲ್ಲಿವರೆಗೆ 70 ಹಾಗೇ ಇರಲಿ.